ಒಂದೇ ಅಂಕಿ, ಎರಡು ನಕ್ಷೆ
(ಜಿಲ್ಲಾವಾರು ಸಾಕ್ಷರತೆಯ ಛಾಯಾನಕ್ಷೆಯನ್ನು ರಚಿಸುವ ಬಗೆ)

ನಮ್ಮ ಶಾಲೆಯ ಭೂಗೋಲ ಪ್ರದರ್ಶನಕ್ಕೆಂದು ಒಂಬತ್ತನೆಯ ಇಯತ್ತೆಯ ಇಬ್ಬರು ವಿದ್ಯಾರ್ಥಿಗಳು ಕರ್ನಾಟಕದ ಸಾಕ್ಷರತೆಯ ನಕ್ಷೆಗಳನ್ನು ಬರೆದು ತಂದಿದ್ದರು. ಇಬ್ಬರೂ ಆಯ್ದುಕೊಂಡುದು 2011ರ ಜನಗಣತಿಯ ಅಂಕಿಗಳನ್ನೇ. ಇಬ್ಬರೂ ಬಳಸಿದುದು ಹಸುರಿನ ಐದು ಛಾಯೆಗಳನ್ನೇ. ಆದರೂ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿ ತೂಗುಹಾಕಿದಾಗ ಅವು ಎರಡು ಬೇರೆ ರಾಜ್ಯಗಳ ನಕ್ಷೆಗಳಂತೆ ತೋರಿದುವು. ಒಂದರಲ್ಲಿ ಬಳ್ಳಾರಿಗೆ ಯಾದಗಿರಿಯದೇ ಬಣ್ಣ, ಎಲ್ಲಕ್ಕಿಂತ ತಿಳಿಯಾದುದು. ಇನ್ನೊಂದರಲ್ಲಿ ಬಳ್ಳಾರಿಗೆ ಮಂಡ್ಯದ ಬಣ್ಣ. ಹಿರಿಯರು ಬಳ್ಳಾರಿಯಿಂದ ಈ ನಗರಕ್ಕೆ ಬಂದು ನೆಲಸಿದ ಮನೆಯ ಹುಡುಗಿಯೊಬ್ಬಳು ಅವನ್ನು ದಿಟ್ಟಿಸಿ ನೋಡಿ, "ಗುರುಗಳೇ, ಇವೆರಡರಲ್ಲಿ ನಮ್ಮೂರಿನ ನಿಜ ಯಾವುದು?" ಎಂದು ಕೇಳಿದಳು. ಅವಳ ಪ್ರಶ್ನೆಗೆ ಉತ್ತರವಾಗಿ ಈ ಲೇಖನವನ್ನು ಬರೆದಿದ್ದೇನೆ.

ಪ್ರತಿಯೊಂದು ಜಿಲ್ಲೆಗೂ ಅದರ ಅಂಕಿಗೆ ತಕ್ಕ ಛಾಯೆಯನ್ನು ತುಂಬಿ ರಚಿಸಿದ ನಕ್ಷೆಯನ್ನು ಭೂಗೋಲಜ್ಞರು ಕೊರೊಪ್ಲೆತ್ ನಕ್ಷೆ ಎನ್ನುವರು. ನಾವು ಸುಲಭವಾಗಿ ಛಾಯಾನಕ್ಷೆ ಎನ್ನೋಣ. ಫ್ರಾನ್ಸ್ ದೇಶದ ಚಾರ್ಲ್ಸ್ ದ್ಯುಪಾಂ ಎಂಬವನು 1826ರಲ್ಲಿ ತನ್ನ ದೇಶದ ವಿದ್ಯಾಭ್ಯಾಸದ ಸ್ಥಿತಿಯನ್ನು ಬಿಳುಪಿನಿಂದ ಕಪ್ಪಿನವರೆಗಿನ ಛಾಯೆಗಳಲ್ಲಿ ತೋರಿಸಿದನು. ಈ ಬಗೆಯ ನಕ್ಷೆಗಳಿಗೆ ಅದೇ ಮೊದಲು.

ಬಣ್ಣದ ಪೆಟ್ಟಿಗೆಯನ್ನು ತೆರೆಯುವ ಮುನ್ನ ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ಮೊದಲನೆಯದಾಗಿ, ನಕ್ಷೆಯಲ್ಲಿ ತೋರಿಸಬೇಕಾದುದು ಅಕ್ಷರಸ್ಥರ ಸಂಖ್ಯೆಯನ್ನಲ್ಲ, ಪ್ರಮಾಣವನ್ನು. ಏಳು ವರ್ಷ ತುಂಬಿದ ಪ್ರತಿ ನೂರು ಜನರಲ್ಲಿ ಎಷ್ಟು ಮಂದಿ ಅರ್ಥ ತಿಳಿದು ಓದಬರೆಯಬಲ್ಲರು ಎಂಬುದೇ ಆ ಪ್ರಮಾಣ. ಬರಿಯ ಸಂಖ್ಯೆಗೆ ಬಣ್ಣ ತುಂಬಿದರೆ ಜನ ಹೆಚ್ಚಾಗಿರುವ ಜಿಲ್ಲೆಯೇ ಗಾಢವಾಗಿ ಕಂಡೀತು. ಎರಡನೆಯದಾಗಿ, ಅಂಕಿಯೂ ಎಲ್ಲೆಯೂ ಒಂದೇ ಕಾಲದವಾಗಿರಬೇಕು. 2011ರ ಗಣತಿಯಲ್ಲಿ ಕರ್ನಾಟಕಕ್ಕೆ 30 ಜಿಲ್ಲೆಗಳಿದ್ದುವು. ವಿಜಯನಗರ ಜಿಲ್ಲೆಯು 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟಿತು. ಹೊಸ ನಕ್ಷೆಯಲ್ಲಿ ಹಳೆಯ ಅಂಕಿಗಳನ್ನು ತುಂಬಹೊರಟರೆ ವಿಜಯನಗರಕ್ಕೆ ಅಂಕಿಯೇ ದೊರೆಯದು.

ಇನ್ನು ವರ್ಗಗಳ ವಿಚಾರಕ್ಕೆ ಬರೋಣ. ಮೂವತ್ತು ಅಂಕಿಗಳಿಗೆ ಮೂವತ್ತು ಛಾಯೆಗಳನ್ನು ಕೊಟ್ಟರೆ ಕಣ್ಣು ಅವನ್ನು ಬೇರ್ಪಡಿಸಲಾರದು. ನಾಲ್ಕೈದು ವರ್ಗಗಳೇ ಸಾಕು. ಅಂಕಿಗಳನ್ನು ಏರುವ ಕ್ರಮದಲ್ಲಿ ಬರೆದಾಗ ಯಾದಗಿರಿ ಶೇಕಡಾ 51.83 ಎಂದು ಮೊದಲಲ್ಲಿಯೂ, ದಕ್ಷಿಣ ಕನ್ನಡ 88.57 ಎಂದು ಕೊನೆಯಲ್ಲಿಯೂ ನಿಲ್ಲುವುವು.

ಮೊದಲನೆಯ ವಿದ್ಯಾರ್ಥಿಯು ಈ ಸಾಲನ್ನು ಆರಾರು ಜಿಲ್ಲೆಗಳಂತೆ ಐದು ಪಾಲು ಮಾಡಿದನು. ಪ್ರತಿಯೊಂದು ಬಣ್ಣಕ್ಕೂ ಸಮಸಂಖ್ಯೆಯ ಜಿಲ್ಲೆಗಳು ಬರುವುದರಿಂದ ಇಂಥ ನಕ್ಷೆ ನೋಡಲು ಅಂದವಾಗಿರುವುದು. ಆದರೆ ಆರನೆಯ ಸ್ಥಾನದಲ್ಲಿದ್ದ ಬಳ್ಳಾರಿ, 67.43, ಕೊನೆಯ ಗುಂಪಿಗೆ ಸೇರಿತು. ಏಳನೆಯ ಸ್ಥಾನದ ಕೊಪ್ಪಳ, 68.09, ಮೇಲಿನ ಗುಂಪಿಗೆ ಹೋಯಿತು. ಒಂದು ಅಂಶವೂ ಇಲ್ಲದ ಅಂತರಕ್ಕೆ ಎರಡು ಬಣ್ಣ. ಯಾದಗಿರಿಗೂ ಬಳ್ಳಾರಿಗೂ ನಡುವೆ ಹದಿನೈದು ಅಂಶಗಳನ್ನು ಮೀರಿದ ಅಂತರವಿದ್ದರೂ ಒಂದೇ ಬಣ್ಣ!

ಎರಡನೆಯ ವಿದ್ಯಾರ್ಥಿನಿಯು ಅತಿ ಹೆಚ್ಚಿನ ಅಂಕಿಯಿಂದ ಅತಿ ಕಡಮೆಯದನ್ನು ಕಳೆದಳು. ಉಳಿದ 36.74ನ್ನು ಐದರಿಂದ ಭಾಗಿಸಿ, ಸುಮಾರು 7.35ರಷ್ಟು ಅಗಲದ ಐದು ವರ್ಗಗಳನ್ನು ಮಾಡಿದಳು. ಎಲ್ಲೆಗಳು 59.18, 66.53, 73.87, 81.22 ಎಂದಾದುವು. ಈಗ ಯಾದಗಿರಿ ಒಂಟಿಯಾಗಿ ನಿಂತಿತು. ಬಳ್ಳಾರಿ ನಡುವಣ ವರ್ಗಕ್ಕೆ ಬಂದಿತು. ಇದು ಮೊದಲನೆಯದಕ್ಕಿಂತ ಮೇಲು. ಆದರೆ ಚಿತ್ರದುರ್ಗದ 73.71 ಒಂದು ಬಣ್ಣಕ್ಕೂ, ಕೋಲಾರದ 74.39 ಇನ್ನೊಂದು ಬಣ್ಣಕ್ಕೂ ಹೋದುವು. ಎಲ್ಲೆಯನ್ನು ಭಾಗಾಕಾರವು ಎಳೆಯಿತೇ ಹೊರತು ಅಂಕಿಗಳ ಸ್ವಭಾವವು ಎಳೆಯಲಿಲ್ಲ.

ಹಾಗಾದರೆ ಎಲ್ಲೆಯನ್ನು ಎಲ್ಲಿ ಎಳೆಯಬೇಕು? ಒಂದು ಗ್ರಾಫ್ ಕಾಗದದ ಮೇಲೆ 50ರಿಂದ 90ರವರೆಗೆ ಗೆರೆಯೊಂದನ್ನು ಎಳೆಯಿರಿ. ಎರಡು ಅಂಶಗಳಿಗೆ ಒಂದು ಸೆಂಟಿಮೀಟರಿನಂತೆ ಅದು ಇಪ್ಪತ್ತು ಸೆಂಟಿಮೀಟರು ಉದ್ದವಾಗುವುದು. ಪ್ರತಿಯೊಂದು ಜಿಲ್ಲೆಗೂ ಅದರ ಅಂಕಿಯ ಸ್ಥಾನದಲ್ಲಿ ಒಂದು ಚುಕ್ಕೆಯನ್ನಿಡಿರಿ. ಚುಕ್ಕೆಗಳು ಕೆಲವೆಡೆ ಗುಂಪುಗೂಡಿ, ಕೆಲವೆಡೆ ತೆರಪು ಬಿಟ್ಟಿರುವುದನ್ನು ಆಗ ಕಾಣುವಿರಿ. ಯಾದಗಿರಿಯ ಮುಂದೆ ದೊಡ್ಡ ತೆರಪು. ಆ ಬಳಿಕ ರಾಯಚೂರು, ಚಾಮರಾಜನಗರ, ಕಲಬುರಗಿಗಳು, ಮತ್ತೆ ತೆರಪು. ವಿಜಯಪುರದ 67.15ರಿಂದ ಬೀದರಿನ 70.51ರವರೆಗೆ ಎಂಟು ಚುಕ್ಕೆಗಳು ಒತ್ತಾಗಿವೆ. ಅನಂತರ ಮೈಸೂರಿನ 72.79ರಿಂದ ಶಿವಮೊಗ್ಗದ 80.45ರವರೆಗೆ ಹದಿಮೂರು. ಕೊನೆಗೆ ಕೊಡಗು, ಉತ್ತರ ಕನ್ನಡ, ಉಡುಪಿ, ಬೆಂಗಳೂರು ನಗರ, ದಕ್ಷಿಣ ಕನ್ನಡ ಎಂಬ ಐದು. ಎಲ್ಲೆಗಳನ್ನು ಈ ತೆರಪುಗಳಲ್ಲಿಯೇ, ನೆನಪಿನಲ್ಲಿ ಉಳಿಯುವ ಪೂರ್ಣಾಂಕಗಳಲ್ಲಿ ಇಡಿರಿ: 55, 66, 72, 82. ಈಗ ಯಾವ ಎಲ್ಲೆಯೂ ನೆರೆಹೊರೆಯ ಅಂಕಿಗಳನ್ನು ಅಕಾರಣವಾಗಿ ಅಗಲಿಸುವುದಿಲ್ಲ. ಬಳ್ಳಾರಿಯು ಕೊಪ್ಪಳದೊಡನೆಯೂ ಮಂಡ್ಯದೊಡನೆಯೂ ಒಂದೇ ವರ್ಗದಲ್ಲಿರುವುದು.

ಆದರೆ ಈ ಕ್ರಮಕ್ಕೂ ಒಂದು ಮಿತಿಯುಂಟು. ಈ ತೆರಪುಗಳು 2011ರ ಅಂಕಿಗಳವು. 2001ರ ನಕ್ಷೆಯನ್ನು ಇದರ ಪಕ್ಕದಲ್ಲಿ ಇಡುವುದಾದರೆ ಎರಡಕ್ಕೂ ಒಂದೇ ಎಲ್ಲೆಗಳನ್ನು ಬಳಸಬೇಕು. ಇಲ್ಲವಾದರೆ ಬಣ್ಣ ಬದಲಾದುದು ಜನ ಓದು ಕಲಿತುದರಿಂದಲೋ, ನಾವು ಎಲ್ಲೆಯನ್ನು ಸರಿಸಿದುದರಿಂದಲೋ ಎಂಬುದು ತಿಳಿಯದು.

ಬಣ್ಣದ ವಿಚಾರವೂ ಹೀಗೆಯೇ. ಪ್ರಮಾಣವು ಕಡಮೆಯಿಂದ ಹೆಚ್ಚಿಗೆ ಏರುವಾಗ ಬಣ್ಣವೂ ತಿಳಿಯಿಂದ ಗಾಢಕ್ಕೆ ಏರಬೇಕು. ಕೆಂಪು, ಹಳದಿ, ಹಸುರು, ನೀಲಿ ಎಂದು ಕಾಮನಬಿಲ್ಲನ್ನು ಹರಡಿದರೆ ಹಳದಿಗಿಂತ ನೀಲಿ ಹೆಚ್ಚೋ ಕಡಮೆಯೋ ಎಂಬುದನ್ನು ಕಣ್ಣು ಹೇಳಲಾರದು. ಕೆಂಪು ಹಸುರುಗಳ ಭೇದವನ್ನು ಕಾಣಲಾರದ ಮಕ್ಕಳೂ ನಮ್ಮ ನಡುವೆ ಇರುವರು. ಆದ್ದರಿಂದ ಒಂದೇ ಬಣ್ಣವನ್ನು ನೀರಿನಲ್ಲಿ ತೆಳ್ಳಗೆ ಕಲಸಿ ಯಾದಗಿರಿಗೆ ಒಂದು ಲೇಪ, ಮುಂದಿನ ವರ್ಗಕ್ಕೆ ಎರಡು, ಹೀಗೆ ಐದರವರೆಗೆ ಕೊಡಿರಿ. ಪ್ರತಿಯೊಂದು ಲೇಪವೂ ಒಣಗಿದ ಮೇಲೆಯೇ ಮುಂದಿನದನ್ನು ಹಚ್ಚಿರಿ. ಬರಿಯ ಬಿಳುಪನ್ನು ಅಂಕಿ ದೊರೆಯದ ಪ್ರದೇಶಕ್ಕೆಂದು ಮೀಸಲಿಡಿರಿ. ಮುಗಿದ ನಕ್ಷೆಯ ಕಪ್ಪು-ಬಿಳುಪಿನ ಜೆರಾಕ್ಸ್ ಪ್ರತಿಯೊಂದನ್ನು ತೆಗೆಸಿ ನೋಡಿರಿ. ಅದರಲ್ಲಿಯೂ ಐದು ಮೆಟ್ಟಲುಗಳು ಬೇರೆಬೇರೆಯಾಗಿ ಕಂಡರೆ ಛಾಯೆಗಳು ಸರಿಯಾಗಿವೆಯೆಂದು ತಿಳಿಯಬಹುದು.

ಗಾಢವಾದುದು ಯಾವುದರ ಹೆಚ್ಚಳವನ್ನು ಸೂಚಿಸುವುದೆಂಬುದನ್ನು ತಲೆಬರಹವು ಹೇಳಬೇಕು. ದ್ಯುಪಾಂ ತನ್ನ ನಕ್ಷೆಯಲ್ಲಿ ವಿದ್ಯೆ ಕಡಮೆಯಿದ್ದ ಕಡೆಗೆ ಕಪ್ಪನ್ನು ಬಳಿದನು. ನಮ್ಮ ನಕ್ಷೆಯ ತಲೆಬರಹ "ಸಾಕ್ಷರತೆ" ಎಂದಿರುವುದರಿಂದ, ಓದುವವನು ಗಾಢವೆಂದರೆ ಹೆಚ್ಚಿನ ಸಾಕ್ಷರತೆಯೆಂದೇ ಭಾವಿಸುವನು.

ಒಂದು ಎಚ್ಚರಿಕೆಯು ಉಳಿದಿದೆ. ಉತ್ತರ ಕನ್ನಡದ ವಿಸ್ತಾರವು ಬೆಂಗಳೂರು ನಗರ ಜಿಲ್ಲೆಯ ನಾಲ್ಕರಷ್ಟಕ್ಕೂ ಮಿಗಿಲು. ಆದರೆ 2011ರಲ್ಲಿ ಅಲ್ಲಿದ್ದವರು ಸುಮಾರು 14 ಲಕ್ಷ ಜನ, ಇಲ್ಲಿದ್ದವರು 96 ಲಕ್ಷ. ನಕ್ಷೆಯಲ್ಲಿ ಕಣ್ಣು ನೆಲವನ್ನು ಅಳೆಯುವುದಲ್ಲದೆ ಜನರನ್ನು ಎಣಿಸುವುದಿಲ್ಲ. ಜಿಲ್ಲೆಯ ಸರಾಸರಿಯೂ ಹಾಗೆಯೇ ಕೆಲವನ್ನು ಮರೆಮಾಡುವುದು. ಯಾದಗಿರಿಯು ಕಲಬುರಗಿಯಿಂದ ಬೇರೆಯಾದುದು 2009ರಲ್ಲಿ. ಒಂದಾಗಿಯೇ ಇದ್ದಿದ್ದರೆ ಅದರ 51.83 ಎಂಬ ಅಂಕಿಯು ಕಲಬುರಗಿಯ 64.85ರೊಡನೆ ಬೆರೆತು ನಕ್ಷೆಯಲ್ಲಿ ಕಾಣಿಸುತ್ತಲೇ ಇರಲಿಲ್ಲ.

ಬಳ್ಳಾರಿಯ ಹುಡುಗಿಗೆ ನಾನು ಹೇಳಿದುದಿಷ್ಟೆ: "ಇಬ್ಬರ ಅಂಕಿಗಳೂ ನಿಜವಮ್ಮ. ಎಲ್ಲೆಗಳನ್ನು ಮಾತ್ರ ಮನುಷ್ಯರು ಎಳೆದರು. ಅವನ್ನು ಹೇಗೆ ಎಳೆದೆವೆಂದು ನಕ್ಷೆಯ ಕೆಳಗೆ ಒಂದು ಸಾಲು ಬರೆದಿಡಬೇಕಾಗಿತ್ತು." ಮರುದಿನ ಅವಳೇ ಆ ಸಾಲನ್ನು ಎರಡು ನಕ್ಷೆಗಳ ಕೆಳಗೂ ಬರೆದು, ಮೂರನೆಯ ನಕ್ಷೆಗೆಂದು ಗ್ರಾಫ್ ಕಾಗದವನ್ನು ಕೇಳಿಕೊಂಡು ಹೋದಳು.