ಮೂಕ ಕೀ, ಬಾಯಿಬಡುಕ ಕೀ

ಪರಿಚಯದ ಹುಡುಗಿಯೊಬ್ಬಳು 5 ವರ್ಷ ಹಳೆಯ ಲ್ಯಾಪ್‌ಟಾಪ್ ಹಿಡಿದು ಬಂದಳು. ಚಹಾ ಚೆಲ್ಲಿದ ಮೇಲೆ ಮೂರು ಅಕ್ಷರ ಮೂಡುತ್ತಿಲ್ಲ. ಜೊತೆಗೆ ಕೆಳಬಾಣದ ಕೀ ಯಾರೂ ಮುಟ್ಟದಿದ್ದರೂ ಪುಟ ಜಾರಿಸುತ್ತಲೇ ಇದೆ. ರಿಪೇರಿ ಅಂಗಡಿಯಲ್ಲಿ 4,000 ರೂಪಾಯಿ ಕೇಳಿದ್ದಾರೆ. “ಹೊರಗಿನ ಕೀಬೋರ್ಡ್ 500ಕ್ಕೇ ಬರುತ್ತಲ್ಲ ಅಂಕಲ್?” ಎಂದಳು.

ಮೊದಲು ತಪ್ಪು ಎಲ್ಲಿದೆ ನೋಡಿ. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ F2 (ಕೆಲವದರಲ್ಲಿ F10 ಅಥವಾ Del) ಒತ್ತಿ ಬಯಾಸ್ ಪರದೆಗೆ ಹೋಗಿ. ಅಲ್ಲೂ ಬಾಣ ತಾನಾಗಿ ಓಡುತ್ತಿದ್ದರೆ ಕೆಟ್ಟಿರುವುದು ಕೀಬೋರ್ಡೇ. ಅಲ್ಲಿ ಎಲ್ಲ ಸರಿಯಿದ್ದರೆ ಕಾರಣ ವಿಂಡೋಸ್‌ನಲ್ಲಿರಬಹುದು, ದುಡ್ಡು ಬಿಚ್ಚುವ ಮುಂಚೆ ಅದನ್ನು ನೋಡಿ.

ರಿಪೇರಿಯ ದರ ಕೀಬೋರ್ಡನ್ನು ಕೂರಿಸಿರುವ ರೀತಿಯ ಮೇಲಿದೆ. ಹಳೆಯ ದಪ್ಪ ಮಾದರಿಗಳಲ್ಲಿ ಕೆಲವು ಸ್ಕ್ರೂ ಬಿಚ್ಚಿ, ರಿಬ್ಬನ್ ಕೇಬಲ್ ಕಳಚಿದರೆ ಅದು ಎದ್ದು ಬರುತ್ತದೆ; ಕೂಲಿ ಸೇರಿ ಸುಮಾರು 800ರಿಂದ 1,500 ರೂಪಾಯಿ. ಈಚಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡನ್ನು ಅಂಗೈ ಊರುವ ಪ್ಯಾನೆಲ್‌ಗೆ ಪ್ಲಾಸ್ಟಿಕ್ ರಿವೆಟ್‌ಗಳಿಂದ ಬೆಸೆದಿರುತ್ತಾರೆ. ಬ್ಯಾಟರಿ, ಮದರ್‌ಬೋರ್ಡ್ ಎಲ್ಲ ತೆಗೆದು ಇಡೀ ಪ್ಯಾನೆಲ್ಲನ್ನೇ ಬದಲಿಸಬೇಕು, 3,000ದಿಂದ 6,000 ಆಗಬಹುದು. ಕೆಲವರು ರಿವೆಟ್ ಮುರಿದು ಬರೀ ಕೀಬೋರ್ಡನ್ನು ಅಂಟಿಸಿ ಕೊಡುತ್ತಾರೆ. ಅಗ್ಗವೇನೋ ಹೌದು, ಆದರೆ ಟೈಪಿಸುವಾಗ ನಡುಭಾಗ ಮಂಚದಂತೆ ಕುಣಿಯುತ್ತದೆ. “ಪ್ಯಾನೆಲ್ ಸಮೇತವೋ, ಬರೀ ಕೀಬೋರ್ಡೋ?” ಎಂದು ಕೇಳಿಯೇ ಒಪ್ಪಿಕೊಳ್ಳಿ.

ಇನ್ನು ಹೊರಗಿನದು. ವೈರ್ ಇರುವ ಯುಎಸ್‌ಬಿ ಕೀಬೋರ್ಡ್ 400-700 ರೂಪಾಯಿ, ವೈರ್‌ಲೆಸ್ ಸಾವಿರದ ಆಸುಪಾಸು. ಕೀಗಳು ಮೂಕವಾಗಿದ್ದರೆ ಇಷ್ಟೇ ಸಾಕು. ಬಾಯಿಬಡುಕ ಕೀ ಇದ್ದರೆ ಸಾಲದು. ಹೊಸದನ್ನು ಚುಚ್ಚಿದರೂ ಒಳಗಿನದು ಬಡಬಡಿಸುತ್ತಲೇ ಇರುತ್ತದೆ. ಅದರ ಬಾಯಿ ಮುಚ್ಚಿಸಬೇಕು. ಹೊರಗಿನ ಕೀಬೋರ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಖಚಿತಪಡಿಸಿಕೊಂಡು, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೀಗೆ ಕೊಡಿ (ಪವರ್‌ಶೆಲ್‌ನಲ್ಲಿ ಬೇಡ, ಅಲ್ಲಿ sc ಎಂದರೆ ಬೇರೆಯೇ ಆದೇಶ):

```
sc config i8042prt start= disabled
```

ಸಮ ಚಿಹ್ನೆಯ ನಂತರ ಒಂದು ಖಾಲಿ ಜಾಗ ಇರಲೇಬೇಕು. ಕಂಪ್ಯೂಟರ್ ರಿಸ್ಟಾರ್ಟ್ ಆದ ಮೇಲೆ ಒಳಗಿನ ಕೀಬೋರ್ಡ್ ಸುಮ್ಮನಾಗುತ್ತದೆ. ಅದು ಪಿಎಸ್/2 ಬಗೆಯದಾಗಿದ್ದರೆ ಮಾತ್ರ ಈ ಉಪಾಯ ಫಲಿಸುತ್ತದೆ. ಹಳೆಯ ಕೆಲವು ಮಾದರಿಗಳಲ್ಲಿ ಟಚ್‌ಪ್ಯಾಡ್ ಕೂಡ ಜೊತೆಗೇ ನಿಲ್ಲುತ್ತದೆ. ಹಿಂದಿನಂತಾಗಬೇಕಾದರೆ disabled ಇದ್ದಲ್ಲಿ demand ಎಂದು ಬರೆದರಾಯಿತು. ಪವರ್ ಬಟನ್ ಕೀಬೋರ್ಡಿನಲ್ಲೇ ಇದ್ದು ಅದೇ ಕೈಕೊಟ್ಟಿದ್ದರೆ ಮಾತ್ರ ಬೇರೆ ದಾರಿಯಿಲ್ಲ, ರಿಪೇರಿಯೇ ಗತಿ.

ಈ ಹುಡುಗಿಯದು ತೆಳು ಮಾದರಿ, ಅದನ್ನು ಮಾರಿದರೆ 10,000 ಬಂದರೆ ಹೆಚ್ಚು. ಹಾಸ್ಟೆಲ್ ಮೇಜಿನ ಮೇಲೇ ಅವಳ ಕೆಲಸವೆಲ್ಲ. ಕೀಬೋರ್ಡ್‌ಗೆ 550, ಟಚ್‌ಪ್ಯಾಡ್ ನಿಂತಿದ್ದರಿಂದ ಮೌಸ್‌ಗೆ 300, ಒಳಗೆ ಇಳಿದ ಚಹಾ ಮದರ್‌ಬೋರ್ಡ್ ತಿನ್ನದಂತೆ ಬಿಚ್ಚಿ ಒರೆಸಿ ಕೊಟ್ಟಿದ್ದಕ್ಕೆ 500. ಒಟ್ಟು 1,350ರಲ್ಲಿ ಮುಗಿಯಿತು. ದಿನವೂ ಮಡಿಲ ಮೇಲಿಟ್ಟು ಬರೆಯುವವಳಾಗಿದ್ದರೆ 4,000 ಕೊಟ್ಟುಬಿಡು ಎನ್ನುತ್ತಿದ್ದೆ.