ಕೊಟ್ಟಿಗೆ ಕಟ್ಟುವವರಿಗೊಂದು ಕಿವಿಮಾತು

ಕಮಲಾಪುರದ ಸುತ್ತಲಿನ ರೈತಬಾಂಧವರು ಎರಡು ಹಸುಗಳಿಗೊಂದು ಕೊಟ್ಟಿಗೆ ಕಟ್ಟಲೆಳಸಿ ಸಾಮಗ್ರಿಗಾಗಿ ಕಲಬುರಗಿಯ ಪೇಟೆಗೆ ಹೊರಡುವ ಮುನ್ನ, ಬೇಸಗೆಯಲ್ಲಿ ಉಷ್ಣಮಾನವು 40 ಡಿಗ್ರಿಯನ್ನು ಮೀರುವ ಈ ಸೀಮೆಯಲ್ಲಿ ತಗಡಿನ ಮಾಡು ತಗ್ಗಿದಷ್ಟೂ ದನಗಳು ಬೇಯುವುವೆಂಬುದನ್ನು ನೆನೆಯುವುದೊಳಿತು. ಅಂಚಿನಲ್ಲಿಯೂ 8 ಅಡಿ ಎತ್ತರವಿರಲಿ. ತಗಡನ್ನು ಬಿಗಿಯುವ ಬೋಲ್ಟುಗಳನ್ನು ಅಲೆಯ ತಗ್ಗಿನಲ್ಲಿ ಕೂಡಿಸದೆ ಉಬ್ಬಿನ ಮೇಲೆಯೇ, ರಬ್ಬರಿನ ವಾಷರಿನೊಡನೆ ಕೂಡಿಸಿದರೆ ಮಳೆನೀರು ಸೋರದು.

ಉದ್ದ 13 ಅಡಿ, ಅಗಲ 10 ಅಡಿಯ ಕೊಟ್ಟಿಗೆಗೆ ಮೂರು ಪಕ್ಕಗಳಲ್ಲಿ 4 ಅಡಿ ಎತ್ತರದ, 9 ಅಂಗುಲ ದಪ್ಪದ ಅರ್ಧಗೋಡೆಗೆ ಸುಮಾರು 1400 ಇಟ್ಟಿಗೆಗಳು ಸಾಕು. ಎರೆಭೂಮಿಯಾದರೆ ಮಾತ್ರ, ಒಣಗಿ ಬಿರಿಯುವ ಆ ಮಣ್ಣಿನ ಮೇಲೆ ನೇರವಾಗಿ ಬುನಾದಿಯನ್ನಿಡದೆ, ಅದನ್ನು ಅಗೆದು ತೆಗೆದು ಮುರುಮು ತುಂಬಿ ದಮ್ಮಸ್ಸು ಮಾಡಿಸಬೇಕು; ಇಲ್ಲವಾದರೆ ಗೋಡೆಯಲ್ಲಿ ಓರೆಯಾದ ಬಿರುಕು ಕಾಣಿಸಿಕೊಳ್ಳುವುದು.

ಆದರೆ ಜನರು ಅತ್ಯಂತ ಉದಾಸೀನರಾಗಿರುವುದು ಗೋದಲೆಯ ವಿಷಯದಲ್ಲಿ. ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಕಾಂಕ್ರೀಟಿನಿಂದ 5 ಅಡಿ ಉದ್ದಕ್ಕೆ ಅದನ್ನು ಎರೆಯಿಸಿ, ಒಳಮೂಲೆಗಳನ್ನು ಕೊರೆದಂತಿರಿಸದೆ ದುಂಡಾಗಿಸಿ, ಒಂದು ತುದಿಯಲ್ಲಿ ನೀರು ಹೋಗುವ ತೂತನ್ನು ಬಿಡಿಸಬೇಕು; ಮೂಲೆಯಲ್ಲಿ ಉಳಿದ ಹಿಂಡಿ ಹುಳಿತು ಸಿಮೆಂಟನ್ನೇ ತಿನ್ನುತ್ತದೆ. ನಮ್ಮ ಬಿಸಿಲಿಗೆ ಹಸಿ ಕಾಂಕ್ರೀಟು ಬೇಗನೆ ಒಣಗುವುದರಿಂದ ಹತ್ತು ದಿನ ಒದ್ದೆ ಗೋಣಿತಾಟನ್ನು ಹೊದಿಸಿ, ನೀರುಣಿಸುತ್ತಿರತಕ್ಕದ್ದು. ಮೇಸ್ತ್ರಿ ಮೂರೇ ದಿನ ಸಾಕೆಂದರೆ ಕೇಳದಿರಿ. ಬಳಿಕ ಮೊಳೆಯಿಂದ ಗೀರಿದಾಗ ಪುಡಿ ಉದುರಿದರೆ, ಆ ಮೈಯನ್ನು ಕೆತ್ತಿಸಿ ಮತ್ತೊಮ್ಮೆ ಗಿಲಾವು ಮಾಡಿಸುವವರೆಗೆ ಅದರಲ್ಲಿ ಮೇವು ಹಾಕಬೇಡಿರಿ.