ಗಂಟೆಗೆ 20 ನಿಮಿಷ

ಮಗೂ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಲೋ ಬೇಡವೋ ಎಂದು ಕೇಳಿದ್ದೀಯ. ಕೇಳು. ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವಾಗ ಕೇಳುತ್ತೀಯ, ಯಾವ ಕಾಗದ ಹಿಡಿದು ಕೇಳುತ್ತೀಯ ಎನ್ನುವುದರ ಮೇಲೆ ಅದು ಸಿಗುವುದು ಬಿಡುವುದು ನಿಂತಿದೆ. ಪಿಯು ಕಾಲೇಜಿನಲ್ಲಿ ಪಾಠ ಮಾಡಿದವನು, ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕನಾಗಿಯೂ ಕೂತವನು ನಾನು. ಹಾಲ್ ಟಿಕೆಟ್ ಹಿಡಿದು ಬಾಗಿಲಿಗೆ ಬಂದ ಮೇಲೆ, "ಸಾರ್, ಇವನಿಗೆ ಬರೆಯೋದು ಕಷ್ಟ, ಸ್ವಲ್ಪ ಟೈಮ್ ಕೊಡಿ" ಎಂದ ತಂದೆತಾಯಿಯನ್ನು ಕಂಡಿದ್ದೇನೆ. ಆ ಹೊತ್ತಿನಲ್ಲಿ ಅಧೀಕ್ಷಕನ ಕೈಯಲ್ಲಿ ಏನೂ ಇರುವುದಿಲ್ಲ. ಪರೀಕ್ಷಾ ಮಂಡಳಿಯ ಆದೇಶವಿಲ್ಲದೆ ಐದು ನಿಮಿಷ ಕೊಟ್ಟರೂ ಅವನ ತಲೆಗೆ ಬರುತ್ತದೆ.

ಮೊದಲು ಕಾನೂನು ಎಲ್ಲಿ ನಿಂತಿದೆ ಎಂದು ತಿಳಿದುಕೋ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಪಟ್ಟಿ ಮಾಡಿದೆ. ಓದು, ಬರಹ, ಲೆಕ್ಕಗಳಲ್ಲಿ ತೊಡಕು ತರುವ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಅದರಲ್ಲಿದೆ. ಅದೇ ಕಾಯಿದೆಯ 17ನೇ ಕಲಮು ಹೆಚ್ಚುವರಿ ಸಮಯ, ಸ್ಕ್ರೈಬ್, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವುಗಳನ್ನು ಹೆಸರಿಟ್ಟೇ ಹೇಳುತ್ತದೆ. ಅಂದಮೇಲೆ ನೀನು ಯಾರ ಔದಾರ್ಯವನ್ನೂ ಬೇಡುತ್ತಿಲ್ಲ.

ತೊಡಕು ಇದ್ದದ್ದು ಬೇರೆ ಕಡೆ. ಬಹಳ ಕಾಲ ಈ ಸೌಲಭ್ಯವೆಲ್ಲ ಶೇ. 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆ ಇದ್ದವರಿಗೆ ಮಾತ್ರ ಎಂದು ಪರೀಕ್ಷೆ ನಡೆಸುವವರು ಓದಿಕೊಂಡಿದ್ದರು. ಕೈ ಹಿಡಿದುಕೊಳ್ಳುವ ಕಾಯಿಲೆಯಿದ್ದ ಒಬ್ಬ ವೈದ್ಯ ಪದವೀಧರನಿಗೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಸ್ಕ್ರೈಬ್ ನಿರಾಕರಿಸಿದಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ವಿಕಾಸ್ ಕುಮಾರ್ ಪ್ರಕರಣ ಎಂದು ಹೆಸರಾದ ಅದರ ತೀರ್ಪು 2021ರ ಫೆಬ್ರವರಿಯಲ್ಲಿ ಬಂತು. ಶೇ. 40ರ ಗೆರೆ ಇರುವುದು ಮೀಸಲಾತಿಯಂಥವುಗಳಿಗೆ, ಬರೆಯಲಾಗದವನಿಗೆ ನೆರವು ಕೊಡಲು ಆ ಗೆರೆ ಅಡ್ಡ ಬರಬಾರದು ಎಂದಿತು ಕೋರ್ಟು. ಅದರ ಫಲವಾಗಿ ಕೇಂದ್ರ ಸರ್ಕಾರ 2022ರ ಆಗಸ್ಟ್ 10ರಂದು, ಶೇ. 40ಕ್ಕಿಂತ ಕಡಿಮೆ ನ್ಯೂನತೆಯಿದ್ದೂ ಬರೆಯಲು ಕಷ್ಟಪಡುವವರಿಗಾಗಿಯೇ ಮಾರ್ಗಸೂಚಿ ಹೊರಡಿಸಿತು. ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಪರಿಹಾರ ಸಮಯ ಎಂದು ಅದರಲ್ಲಿದೆ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಆಯಿತು.

ನಮ್ಮ ಕಾಲೇಜಿನಲ್ಲೊಬ್ಬ ಹುಡುಗನಿದ್ದ, ದ್ವಿತೀಯ ಪಿಯು ವಿಜ್ಞಾನ. ಬಾಯಲ್ಲಿ ಕೇಳಿದರೆ ಭೌತಶಾಸ್ತ್ರದ ಉತ್ತರ ಸರಸರ ಹೇಳುವವನು, ಕಾಗದದ ಮೇಲೆ ಅರ್ಧ ಪತ್ರಿಕೆ ಮುಗಿಸುತ್ತಿರಲಿಲ್ಲ. ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡಿರುತ್ತಿದ್ದವು. ಸೋಮಾರಿ ಎಂದೇ ಸ್ಟಾಫ್ ರೂಮಿನಲ್ಲಿ ಅವನಿಗೆ ಹೆಸರು. ಒಂದು ದಿನ ಹತ್ತು ನಿಮಿಷ ಕೊಟ್ಟು, ಅವನಿಗೆ ಬಾಯಿಪಾಠವಿದ್ದ ಉತ್ತರವನ್ನೇ ಬರೆಯಲು ಹೇಳಿದೆವು. ಪಕ್ಕದ ಬೆಂಚಿನ ಹುಡುಗಿ ಒಂದು ಪುಟ ತುಂಬಿಸಿ ಹಾಳೆ ತಿರುಗಿಸುವಾಗ ಇವನು ಮೂರನೇ ಒಂದು ಭಾಗದಲ್ಲಿದ್ದ. ಅದೇ ಪ್ರಶ್ನೆಗೆ ಅವನಿಂದ ಬಾಯಲ್ಲಿ ಉತ್ತರ ಪಡೆದು ಅಂಕ ಹಾಕಿದಾಗ ಪೂರ್ತಿ ಬಂತು. ಆ ಹಾಳೆಗೆ ದಿನಾಂಕ ಹಾಕಿ, ಉಪನ್ಯಾಸಕರ ಸಹಿ ಮಾಡಿಸಿ ಇಟ್ಟುಕೊಂಡೆವು. ನೀನೂ ಇಂಥದ್ದೊಂದನ್ನು ಇಟ್ಟುಕೋ. ಆಸ್ಪತ್ರೆಯ ತಜ್ಞರು ಕೇಳುವ ಮೊದಲ ಪ್ರಶ್ನೆಯೇ "ತರಗತಿಯಲ್ಲಿ ಹೇಗೆ?" ಎಂದು. ಬಾಯಿಮಾತಿಗಿಂತ ಹಾಳೆ ಚೆನ್ನಾಗಿ ಉತ್ತರಿಸುತ್ತದೆ.

ಅವನ ಮನೆಯವರ ಬಳಿ ಖಾಸಗಿ ಕ್ಲಿನಿಕ್ಕಿನ ಒಂದು ವರದಿಯೂ ಇತ್ತು. ಡಿಸ್‌ಗ್ರಾಫಿಯಾ ಎಂದು ಒಂದು ಸಾಲು, ಕೆಳಗೆ ಸಹಿ. ಇಷ್ಟೇ ಸಾಕೆಂದುಕೊಂಡಿದ್ದರು. ಸಾಲದು. ಕಾಯಿಲೆಯ ಹೆಸರು ಓದಿ ಪರೀಕ್ಷಾ ಮಂಡಳಿ ಏನು ಮಾಡಬೇಕು? 2022ರ ಮಾರ್ಗಸೂಚಿಗೆ ಅಂಟಿಕೊಂಡ ನಮೂನೆ ಕೇಳುವುದು ಬೇರೆಯದನ್ನು: ಈ ಸ್ಥಿತಿಯಿಂದಾಗಿ ಅಭ್ಯರ್ಥಿಯ ಬರೆಯುವ ಸಾಮರ್ಥ್ಯಕ್ಕೆ ಅಡ್ಡಿಯಾಗಿದೆ, ಬರೆಯಲು ಸ್ಕ್ರೈಬ್ ನೆರವು ಬೇಕು ಎಂಬ ಮಾತು ಅದರಲ್ಲಿ ಬರಬೇಕು. ಅದನ್ನು ಕೊಡುವುದು ಸರ್ಕಾರಿ ಆಸ್ಪತ್ರೆಯ ಮಂಡಳಿ. ಮುಖ್ಯ ವೈದ್ಯಾಧಿಕಾರಿ ಅಥವಾ ಸಿವಿಲ್ ಸರ್ಜನ್ ಅಧ್ಯಕ್ಷರು, ಜೊತೆಗೆ ಮೂಳೆ ತಜ್ಞರು, ಮನಶ್ಶಾಸ್ತ್ರಜ್ಞರು ಮುಂತಾದವರು. ಖಾಸಗಿ ವರದಿಯನ್ನು ಬಿಸಾಡಬೇಡ, ಮಂಡಳಿಯ ಮುಂದೆ ಅದು ಪುರಾವೆಯಾಗುತ್ತದೆ. ನ್ಯೂನತೆ ಶೇ. 40 ಅಥವಾ ಹೆಚ್ಚಿದ್ದರೆ ನಿನ್ನ ದಾರಿ ಬೇರೆ. ಆಗ ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡು ಮಾಡಿಸಿಕೋ.

ಈಗ ಬಹಳ ಜನ ಎಡವುವ ಜಾಗಕ್ಕೆ ಬರುತ್ತೇನೆ. ಆ ನಮೂನೆಯ ಪ್ರಮಾಣಪತ್ರಕ್ಕೆ ಆಯುಷ್ಯ ಹೆಚ್ಚೆಂದರೆ ಆರು ತಿಂಗಳು. ಹುಡುಗನ ತಾಯಿ ಚುರುಕಿನ ಹೆಂಗಸು, ಆಗಸ್ಟಿನಲ್ಲೇ ಆಸ್ಪತ್ರೆಗೆ ಓಡಾಡಿ ಕಾಗದ ತಂದಿಟ್ಟಿದ್ದರು. ಆಗಸ್ಟಿನ ಕಾಗದ ಫೆಬ್ರವರಿಗೆ ಸತ್ತುಹೋಗುತ್ತದೆ. ಪಿಯು ಪರೀಕ್ಷೆ ಮಾರ್ಚಿನಲ್ಲಿ, ಸಿಇಟಿ ಏಪ್ರಿಲ್‌ನಲ್ಲಿ, ನೀಟ್ ಮೇ ತಿಂಗಳಲ್ಲಿ ಎಂದಿಟ್ಟುಕೋ. ನವೆಂಬರ್ ಕೊನೆಗೆ ಮಾಡಿಸಿದ ಕಾಗದ ಮೇ ಕೊನೆಯವರೆಗೆ ಬರುತ್ತದೆ, ಮೂರಕ್ಕೂ ಆಗುತ್ತದೆ. ಹಾಗೆಂದು ತಪಾಸಣೆಯನ್ನೇ ನವೆಂಬರಿಗೆ ತಳ್ಳಬೇಡ, ತಜ್ಞರ ಸರದಿ ಸಿಗಲು ವಾರಗಳು ಹಿಡಿಯುತ್ತವೆ. ತಪಾಸಣೆ, ವರದಿ ಎಲ್ಲ ಬೇಗ ಮುಗಿಯಲಿ, ಕೊನೆಯ ಸಹಿ ಮಾತ್ರ ಹೊತ್ತು ನೋಡಿ ಬೀಳಲಿ. ಹುಡುಗನಿಗೆ ಡಿಸೆಂಬರಿನಲ್ಲಿ ಇನ್ನೊಮ್ಮೆ ಮಾಡಿಸಬೇಕಾಯಿತು. ಒಂದೊಂದು ಪರೀಕ್ಷೆಯವರು ತಮ್ಮದೇ ನಮೂನೆ ಇಟ್ಟಿರುತ್ತಾರೆ, ನಿಯಮವೂ ವರ್ಷಕ್ಕೊಮ್ಮೆ ಬದಲಾಗುತ್ತದೆ. ಆ ವರ್ಷದ ಪ್ರಕಟಣೆಯನ್ನು ನೀನೇ ಓದು, ಅಣ್ಣಂದಿರ ಮಾತು ನಂಬಬೇಡ.

ಸ್ಕ್ರೈಬ್ ಬೇಕೋ, ಬರೀ ಸಮಯ ಸಾಕೋ? ಇದನ್ನು ಯಾರೂ ನಿನ್ನೊಡನೆ ಕೂತು ಯೋಚಿಸುವುದಿಲ್ಲ. ನೀನೇ ಕರೆತರುವ ಸ್ಕ್ರೈಬ್ ನಿನಗಿಂತ ಒಂದು ಹಂತ ಕೆಳಗಿನ ಓದಿನವನಾಗಿರಬೇಕು ಎನ್ನುವುದು 2022ರ ಮಾರ್ಗಸೂಚಿಯ ನಿಯಮವಾಗಿತ್ತು. ಪ್ರಥಮ ಪಿಯು ಓದುವವನಿಗೆ ನೀನು ಅನುಕಲನದ ಲೆಕ್ಕ ಹೇಳಿ ಬರೆಸುವುದನ್ನು ಊಹಿಸಿಕೋ. ಎಲ್ಲಿ ಆವರಣ ತೆರೆಯಿತು, ಎಲ್ಲಿ ಮುಚ್ಚಿತು, ಎರಡು ಮೇಲೋ ಕೆಳಗೋ, ಎಲ್ಲವನ್ನೂ ಬಾಯಲ್ಲಿ ಹೇಳಬೇಕು. ನಮ್ಮ ಹುಡುಗ ಮನೆಯಲ್ಲಿ ಹಳೆಯ ಪತ್ರಿಕೆ ಇಟ್ಟುಕೊಂಡು ಎರಡೂ ರೀತಿ ಮಾಡಿ ನೋಡಿದ. ಕನ್ನಡ, ಇಂಗ್ಲಿಷಿಗೆ ಸ್ಕ್ರೈಬ್ ಅನುಕೂಲವಾಯಿತು. ಗಣಿತ, ಭೌತಶಾಸ್ತ್ರದಲ್ಲಿ ತಾನೇ ಬರೆದು, ಚಿತ್ರ ತಾನೇ ಹಾಕಿ, ಒಂದು ಗಂಟೆ ಹೆಚ್ಚು ತೆಗೆದುಕೊಂಡರೆ ಹೆಚ್ಚು ಅಂಕ ಬರುತ್ತಿತ್ತು. ಸ್ಕ್ರೈಬಿಗೆ ಅರ್ಹನಾದವನು ಸ್ಕ್ರೈಬ್ ತೆಗೆದುಕೊಳ್ಳದಿದ್ದರೂ ಸಮಯಕ್ಕೆ ಅರ್ಹನೇ. ಹಾಗಾಗಿ ಅರ್ಜಿಯಲ್ಲಿ ವಿಷಯವಾರು ಬಿಡಿಸಿ ಬರೆದ: ಭಾಷೆಗಳಿಗೆ ಸ್ಕ್ರೈಬ್ ಮತ್ತು ಗಂಟೆಗೆ 20 ನಿಮಿಷ, ವಿಜ್ಞಾನ ವಿಷಯಗಳಿಗೆ ಗಂಟೆಗೆ 20 ನಿಮಿಷ ಮಾತ್ರ. "ಸೂಕ್ತ ಸೌಲಭ್ಯ ಒದಗಿಸಬೇಕಾಗಿ ವಿನಂತಿ" ಎಂದು ಬರೆದರೆ ಸೂಕ್ತವಾದದ್ದನ್ನು ಗುಮಾಸ್ತ ತೀರ್ಮಾನಿಸುತ್ತಾನೆ. ಅರ್ಜಿ ಪ್ರಾಂಶುಪಾಲರ ಮೂಲಕ ಪರೀಕ್ಷಾ ಮಂಡಳಿಗೆ ಹೋಗುತ್ತದೆ. ನಿನ್ನ ಪ್ರತಿಯ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಹೊರಗೆ ಕಾಲಿಡಬೇಡ.

ನಿನ್ನ ಅಕ್ಕನ ವಿಷಯವನ್ನೂ ಕೇಳಿದ್ದೀಯ. ಅವಳದು ಟೈಪ್ 1 ಸಕ್ಕರೆ ಕಾಯಿಲೆ, ಆ 21ರ ಪಟ್ಟಿಯಲ್ಲಿಲ್ಲ. ಗಂಟೆಗೆ 20 ನಿಮಿಷ ಎಂದು ಅವಳು ಹಕ್ಕಿನಿಂದ ಕೇಳಲಾಗದು. ಅವಳಿಗೆ ಬೇಕಾದದ್ದೂ ಬಹುಪಾಲು ಅನುಮತಿಗಳೇ. ರಕ್ತದ ಸಕ್ಕರೆ 70ಕ್ಕಿಂತ ಇಳಿದರೆ 15 ಗ್ರಾಂ ಗ್ಲೂಕೋಸ್ ತಿಂದು, 15 ನಿಮಿಷ ಕಾದು, ಮತ್ತೆ ನೋಡಬೇಕು. ಇಳಿದಿರುವಷ್ಟು ಹೊತ್ತು ಪ್ರಶ್ನೆ ಓದಿದರೂ ತಲೆಗೆ ಹತ್ತುವುದಿಲ್ಲ. ಆದ್ದರಿಂದ ಗ್ಲೂಕೋಸ್ ಮಾತ್ರೆ, ನೀರು, ಗ್ಲುಕೋಮೀಟರ್ ಮೇಜಿನ ಮೇಲೆ ಇರಲು, ಶೌಚಾಲಯಕ್ಕೆ ಹೋಗಲು ಅನುಮತಿ ಬೇಕೆಂದು ವೈದ್ಯರ ಪತ್ರದಲ್ಲಿ ಒಂದೊಂದಾಗಿ ಬರೆಸಬೇಕು. ಸಿಬಿಎಸ್‌ಇ 2017ರಲ್ಲೇ ಇಂಥ ಮಕ್ಕಳಿಗೆ ತಿನಿಸು, ನೀರು ಒಯ್ಯಲು ಒಪ್ಪಿದೆ. ಎನ್‌ಟಿಎ ಸಕ್ಕರೆ ಮಾತ್ರೆ, ಬಾಳೆಹಣ್ಣಿನಂಥ ಹಣ್ಣು ಬಿಡುತ್ತದೆ, ಪೊಟ್ಟಣದ ಚಾಕೊಲೇಟು ಬಿಡುವುದಿಲ್ಲ. ತೋಳಿಗೆ ಸೆನ್ಸರ್ ಅಂಟಿಸಿಕೊಂಡಿದ್ದರೆ ಅದನ್ನೂ ಪತ್ರದಲ್ಲಿ ಹೇಳಲಿ. ಅದರ ಅಂಕಿ ತೋರಿಸುವ ಮೊಬೈಲು ಒಳಗೆ ಬರುವಂತಿಲ್ಲ, ಗೇಟಿನಲ್ಲಿ ತಪಾಸಣೆಯವರು ತೋಳಿನ ಬಿಲ್ಲೆ ಕಂಡು ಗಾಬರಿಯಾಗುತ್ತಾರೆ.

ಅನುಮತಿ ಬಂತು ಎಂದಾದ ಮೇಲೂ ಕೆಡುವುದು ಪರೀಕ್ಷೆಯ ದಿನ. 2021ರ ನೀಟ್‌ನಲ್ಲಿ ಡಿಸ್‌ಗ್ರಾಫಿಯಾ ಇದ್ದ ಒಬ್ಬ ಹುಡುಗಿಗೆ ಒಂದು ಗಂಟೆ ಹೆಚ್ಚು ಸಿಗಬೇಕಿತ್ತು. ಕೇಂದ್ರದವರು ಉಳಿದವರ ಜೊತೆಗೇ ಅವಳ ಉತ್ತರ ಪತ್ರಿಕೆ ಕಿತ್ತುಕೊಂಡರು. ಸುಪ್ರೀಂ ಕೋರ್ಟು ಅದೇ ನವೆಂಬರಿನಲ್ಲಿ, ಅವಳಿಗೆ ಅನ್ಯಾಯವಾಗಿದೆ, ತಪ್ಪು ಪರೀಕ್ಷೆ ನಡೆಸಿದವರದೇ ಎಂದು ಸ್ಪಷ್ಟವಾಗಿ ಹೇಳಿತು. ಆದರೂ ಮರುಪರೀಕ್ಷೆ ಕೊಡಲಿಲ್ಲ. ಏನಾದರೂ ಪರಿಹಾರ ಯೋಚಿಸಿ ಎಂದು ಎನ್‌ಟಿಎಗೆ ಹೇಳಿ ಬಿಟ್ಟಿತು. ಕೇಸು ಗೆದ್ದೂ ಆ ಒಂದು ಗಂಟೆ ವಾಪಸು ಬರಲಿಲ್ಲ.

ಆದ್ದರಿಂದ ಹಾಲ್ ಟಿಕೆಟ್ ಕೈಗೆ ಬಂದ ದಿನವೇ ಸೌಲಭ್ಯದ ಉಲ್ಲೇಖ ಅದರಲ್ಲಿದೆಯೇ ನೋಡು. ಇಲ್ಲದಿದ್ದರೆ ಅಂದೇ ಮಂಡಳಿಗೆ ಬರೆ. ಆದೇಶದ ಎರಡು ಪ್ರತಿ ಇರಲಿ. ಪರೀಕ್ಷೆಗೆ ಎರಡು ದಿನ ಮೊದಲು ಹಿರಿಯರೊಬ್ಬರ ಜೊತೆ ಕೇಂದ್ರಕ್ಕೆ ಹೋಗಿ ಮುಖ್ಯ ಅಧೀಕ್ಷಕರಿಗೆ ಒಂದು ಪ್ರತಿ ಕೊಟ್ಟು, ಯಾವ ಕೋಣೆ ಎಂದು ಕೇಳು. ಉಳಿದವರು ಎದ್ದು ಹೋಗುವ ಗದ್ದಲದಲ್ಲಿ ಆ ಒಂದು ಗಂಟೆ ಕಳೆಯುವುದು ಕಷ್ಟ, ಬೇರೆ ಕೋಣೆ ಸಿಕ್ಕರೆ ಒಳ್ಳೆಯದು. ಕೊಠಡಿ ಮೇಲ್ವಿಚಾರಕರಿಗೆ ವಿಷಯ ಗೊತ್ತಿಲ್ಲದೇ ಇರಬಹುದು, ಗಂಟೆ ಬಾರಿಸುವ ಮೊದಲೇ, ಪತ್ರಿಕೆ ಹಂಚುವಾಗಲೇ ಆದೇಶ ತೋರಿಸು. ಉತ್ತರ ಪತ್ರಿಕೆ ಕಿತ್ತುಕೊಂಡರೆ ಜಗಳಕ್ಕೆ ನಿಲ್ಲಬೇಡ. ಹೊರಗೆ ಬಂದು, ಆ ದಿನವೇ ಸಮಯ ನಮೂದಿಸಿ ಮುಖ್ಯ ಅಧೀಕ್ಷಕರಿಗೆ ದೂರು ಕೊಟ್ಟು ಸ್ವೀಕೃತಿ ಪಡೆ, ಅದರ ಪ್ರತಿಯನ್ನು ಮಂಡಳಿಗೂ ವಿಕಲಚೇತನರ ರಾಜ್ಯ ಆಯುಕ್ತರಿಗೂ ಕಳಿಸು.

ಹೆಚ್ಚು ಸಮಯ ಪಡೆದವನ ಉತ್ತರಕ್ಕೂ ಅಂಕ ಹಾಕುವ ಅಳತೆ ಅದೇ. ಓದದಿದ್ದರೆ ಐದು ಗಂಟೆ ಕೊಟ್ಟರೂ ಪುಟ ಖಾಲಿ. ಯಾರಾದರೂ "ಅವನಿಗೇನು, ಎಕ್ಸ್‌ಟ್ರಾ ಟೈಮು" ಎಂದರೆ ಈ ಮಾತು ಹೇಳು, ಹೇಳಲು ಮನಸ್ಸಿಲ್ಲದಿದ್ದರೆ ಸುಮ್ಮನಿರು. ಸದ್ಯಕ್ಕೆ ನಿನ್ನ ಕೆಲಸ ಒಂದೇ: ಈ ವಾರ ಪ್ರಾಂಶುಪಾಲರನ್ನು ಕಂಡು, ಆಸ್ಪತ್ರೆಗೆ ಕೊಡಬೇಕಾದ ಕಾಲೇಜಿನ ಪತ್ರ ಬರೆಸಿಕೊಂಡು ಬಾ.